ಅಪ್ಪ ಅಮ್ಮನ ಮದುವೆಗೆ ಐವತ್ತು: ಸಿನಿಮಾ ಹಾಡಲ್ಲೇ ಕತೆ ಹೇಳೋಣ ಅಂದ್ರೆ ಪಟ್ಟಿನೇ ಕೂಡ್ತಾ ಇಲ್ಲ

ದುದ್ದದ ಮಗಳು
ಎಲ್ಲರಿಗೂ ನಮಸ್ಕಾರ. ಬರೋ ಮೇ ತಿಂಗಳಿಗೆ ನಮ್ಮ ಅಪ್ಪ ಅಮ್ಮನ ಮದುವೆಯಾಗಿ ಐವತ್ತು ವರ್ಷ ತುಂಬುತ್ತೆ. 1975ರ ಮದುವೆ. ಹಾಸನದಲ್ಲಿ ಸಣ್ಣದೊಂದು ಛತ್ರ ಹಿಡಿದಿದ್ದೀವಿ, ಇನ್ನೂರು ಜನ ಆಗಬಹುದು. ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ, ಹಳೇ ಹಾಡಿಂದ ಹೊಸ ಹಾಡಿನವರೆಗೆ ಒಂದೊಂದೇ ಹಾಡ್ತಾ ಅವರ ಸಂಸಾರದ ಕತೆ ಹೇಳೋಣ ಅಂತ ಮಕ್ಕಳು ಮೂವರೂ ಮಾತಾಡಿಕೊಂಡಿದ್ದೀವಿ. ನಡುವೆ ಮಾತು ನನ್ನದು. ತಮ್ಮ ಮತ್ತೆ ಅವನ ಹೆಂಡತಿ ಹಾಡ್ತಾರೆ.

ನಾನು ಹಾಕಿರೋ ಪಟ್ಟಿ ಹೀಗಿದೆ. ಮದುವೆಗೆ ‘ಎರಡು ಕನಸು’ ಚಿತ್ರದ ‘ತಂನಂ ತಂನಂ’ (1974). ಹೊಸ ಸಂಸಾರಕ್ಕೆ ‘ಗೀತಾ’ದ ‘ಜೊತೆಯಲಿ ಜೊತೆ ಜೊತೆಯಲಿ’ (1981). ಆಮೇಲೆ ‘ಪಲ್ಲವಿ ಅನುಪಲ್ಲವಿ’ಯ ‘ನಗುವ ನಯನ’ (1983). ಕಷ್ಟದ ಕಾಲಕ್ಕೆ ‘ಆಕಸ್ಮಿಕ’ದ ‘ಬಾಳುವಂಥ ಹೂವೇ’ (1993). ಮಕ್ಕಳ ಮದುವೆ ಕಾಲಕ್ಕೆ ‘ಮಿಲನ’ದ ‘ನಿನ್ನಿಂದಲೇ’ (2007). ಕೊನೆಗೆ ‘ದೀಪವು ನಿನ್ನದೆ’.

ನೋಡೋಕೆ ಚೆನ್ನಾಗಿದೆ, ಆದ್ರೆ ಹಾಡಿ ನೋಡಿದಾಗ ಇದು ಯಾರ ಮದುವೆಯ ಕತೆ ಬೇಕಾದ್ರೂ ಆಗಬಹುದು ಅನ್ನಿಸ್ತು. ನಮ್ಮಪ್ಪ ದುದ್ದದ ಹತ್ತಿರ ಆಲೂಗಡ್ಡೆ ಬೆಳೆದ ಮನುಷ್ಯ. ಅಮ್ಮ ಅರಕಲಗೂಡು ಕಡೆಯವರು. ಇಬ್ಬರೂ ಯಾವತ್ತೂ ಮರ ಸುತ್ತಿದವರಲ್ಲ. ಎಲ್ಲಿ ತಪ್ಪಿದೀನಿ ಹೇಳಿ.

ಬೇಲೂರು ಭಟ್ರು
ಶುಭವಾಗಲಿ ತಾಯಿ. ಷಷ್ಟ್ಯಬ್ದಿಯಾದರೆ ಗಂಡನಿಗೆ ಅರವತ್ತು ತುಂಬುವ ನಕ್ಷತ್ರ ನೋಡಬೇಕು. ಎಪ್ಪತ್ತಾಗಿದ್ದರೆ ಭೀಮರಥ ಶಾಂತಿ. ಹಿಂದಿನ ದಿನವೇ ಕಲಶ ಸ್ಥಾಪನೆ ಮಾಡಿಸಿ.

ದುದ್ದದ ಮಗಳು
ಭಟ್ರೇ, ಇದು ವಯಸ್ಸಿನದಲ್ಲ, ಮದುವೆಯ ಐವತ್ತು. ಪೂಜೆ ಬೆಳಿಗ್ಗೆ ಮನೇಲೇ ಮುಗಿಯುತ್ತೆ. ನಾನು ಕೇಳ್ತಿರೋದು ಹಾಡಿನ ವಿಷಯ.

ಬೇಲೂರು ಭಟ್ರು
ಓ ಹಾಗೋ. ಹಾಗಾದರೆ ಭಕ್ತಿಗೀತೆ ಒಂದಾದರೂ ಇರಲಿ.

ಟೆಂಟ್ ಗಿರಾಕಿ
ನಿಮ್ಮ ಮೊದಲನೇ ಹಾಡಲ್ಲೇ ಎಡವಟ್ಟಾಗಿದೆ ತಾಯಿ. ‘ಎರಡು ಕನಸು’ ಕತೆ ನೆನಪು ಮಾಡಿಕೊಳ್ಳಿ. ರಾಜ್‌ಕುಮಾರ್ ಪ್ರೀತಿಸೋದು ಮಂಜುಳಾನ, ಮನೆಯವರ ಬಲವಂತಕ್ಕೆ ತಾಳಿ ಕಟ್ಟೋದು ಕಲ್ಪನಾಗೆ. ‘ತಂನಂ ತಂನಂ’ ಮಂಜುಳಾ ಜೊತೆ ಹಾಡೋದು. ನಿಮ್ಮ ತಾಯಿಯನ್ನ ವೇದಿಕೆ ಮೇಲೆ ಕೂರಿಸಿ ಆ ಹಾಡು ಹಾಡಿದ್ರೆ, ಮುಂದಿನ ಸಾಲಲ್ಲಿ ಕೂತ ನನ್ನಂಥ ಮುದುಕರೆಲ್ಲ ‘ನಿಮ್ಮ ಯಜಮಾನ್ರಿಗೆ ಮುಂಚೆ ಯಾರೋ ಇದ್ರೇನೋ’ ಅಂತ ಗುಸುಗುಸು ಶುರು ಮಾಡ್ತೀವಿ.

ಅದೇ ಚಿತ್ರದಲ್ಲಿ ‘ಎಂದೆಂದೂ ನಿನ್ನನು ಮರೆತು ಬದುಕಿರಲಾರೆ’ ಇದೆಯಲ್ಲ, ಅದು ಹೆಂಡತಿ ಜೊತೆಯದು. ಮನಸ್ಸಿಲ್ಲದೆ ಕಟ್ಟಿಕೊಂಡವಳನ್ನ ಕೊನೆಗೆ ಒಪ್ಪಿಕೊಂಡು ಹಾಡೋ ಹಾಡು. ನೋಡಿ ಮಾಡಿಸಿದ ಮದುವೆಗೆ ಅದಕ್ಕಿಂತ ಬೇರೆ ಬೇಕಾ?

ಇನ್ನು ‘ಗೀತಾ’. ಜೊತೆ ಜೊತೆಯಲಿ ಇರುವೆನು ಹೀಗೇ ಎಂದೂ ಅಂತಾಳೆ, ಚಿತ್ರ ಮುಗಿಯೋದರೊಳಗೆ ಕಾಯಿಲೆ ಬಂದು ಹೋಗೇ ಬಿಡ್ತಾಳೆ. ಶಂಕರ್‌ನಾಗ್ ಪಾಪ ಒಬ್ಬನೇ ಉಳಿತಾನೆ.

ರಾಮನಾಥಪುರ ರಂಗ
ಗಿರಾಕಿ ಸಾರ್ ಹೇಳಿದ್ದು ಸರಿ. ‘ಎಂದೆಂದೂ ನಿನ್ನನು’ ಸೂಪರ್ ಹಾಡು, ರಾಜನ್–ನಾಗೇಂದ್ರ ಸಂಗೀತ, ಎಸ್‌ಪಿಬಿ ಮತ್ತೆ ಜಾನಕಿ ಹಾಡಿರೋದು.

ಟೆಂಟ್ ಗಿರಾಕಿ
ಸಂಗೀತ ಸರಿ, ಗಾಯಕರು ಇಬ್ಬರೂ ತಪ್ಪು ರಂಗಣ್ಣ. ಪಿ.ಬಿ. ಶ್ರೀನಿವಾಸ್ ಮತ್ತೆ ವಾಣಿ ಜಯರಾಂ.

ರಾಮನಾಥಪುರ ರಂಗ
ಹೌದಾ! ನಮ್ಮೂರ ಆರ್ಕೆಸ್ಟ್ರಾದವನು ಯಾವಾಗ್ಲೂ ಎಸ್‌ಪಿಬಿ ಥರ ನಕ್ಕು ಹಾಡ್ತಿದ್ದ, ಅದೇ ತಲೇಲಿ ಕೂತಿತ್ತು.

ಹೇಮಾವತಿ ದಂಡೆ
ಚಿತ್ರದ ಕತೆ ಹಿಡಿದು ಹಾಡು ಬಿಡ್ತಾ ಹೋದ್ರೆ ಕೈಗೆ ಒಂದೂ ಸಿಗಲ್ಲ. ‘ಬಂಗಾರದ ಮನುಷ್ಯ’ದಲ್ಲಿ ‘ಬಾಳ ಬಂಗಾರ ನೀನು’ ಅಂತ ಹಾಡೋ ಹೆಂಡತಿನೂ ಸಾಯ್ತಾಳೆ. ‘ಮುಂಗಾರು ಮಳೆ’ಲಿ, ಅದೂ ನಮ್ಮ ಸಕಲೇಶಪುರದ ಕಡೆ ಮಳೇಲಿ ನೆನೆದು ಹಾಡಿದ ಮೇಲೆ, ಹುಡುಗಿ ಬೇರೆಯವನನ್ನ ಮದುವೆ ಆಗ್ತಾಳೆ. ಜನಕ್ಕೆ ನೆನಪಿರೋದು ಪಲ್ಲವಿ. ಯಾರೂ ಕ್ಲೈಮ್ಯಾಕ್ಸ್ ನೆನೆಸಿಕೊಂಡು ಅಳ್ತಾ ಕೂರಲ್ಲ.

ಟೆಂಟ್ ಗಿರಾಕಿ
ಕೂರ್ತಾರೆ ಸ್ವಾಮಿ. 1975ರಲ್ಲಿ ಮದುವೆ ಆದವರು ಹಾಡನ್ನ ಯೂಟ್ಯೂಬಲ್ಲಿ ತುಂಡು ತುಂಡಾಗಿ ನೋಡಿದವರಲ್ಲ. ಟೆಂಟಲ್ಲಿ ಮರಳ ಮೇಲೆ ಕೂತು ಮೂರು ಗಂಟೆ ಪೂರ್ತಿ ನೋಡಿದವರು. ನಿಮ್ಮ ವಯಸ್ಸಿನವರಿಗೆ ಅದು ಹಾಡು, ಅವರಿಗೆ ಅದು ಭಾರತಿ ಸತ್ತ ಸಿನಿಮಾ.

ಹೇಮಾವತಿ ದಂಡೆ
ನಮ್ಮ ಅತ್ತೆ ಮಾವನ ನಲವತ್ತನೇ ವರ್ಷಕ್ಕೆ ‘ಜೊತೆಯಲಿ’ ಹಾಕಿದ್ವಿ. ಇಬ್ಬರೂ ಖುಷಿಯಾಗೇ ಇದ್ರು. ಇಷ್ಟೇ ನನಗೆ ಗೊತ್ತು.

ಕರಿಬಿಳಿ ಮನೆ
ಚಿಕ್ಕಮಗಳೂರಿಂದ ಬರೀತಿದ್ದೀನಿ. ಮದುವೆ ಮನೆಗಳಲ್ಲಿ ಕೀಬೋರ್ಡ್ ನುಡಿಸೋದೇ ನನ್ನ ಕೆಲಸ. ಚಿತ್ರದ ಕತೆ ಹೊಂದಬೇಕೋ ಬೇಡವೋ ನೀವು ಜಗಳ ಮುಂದುವರಿಸಿ. ನನಗೆ ಕಾಣ್ತಿರೋ ತೊಂದರೆ ಬೇರೆ.

ಅಕ್ಕ ಹಾಡುಗಳನ್ನ ಬಿಡುಗಡೆಯಾದ ವರ್ಷ ನೋಡಿ ಜೋಡಿಸಿದ್ದಾರೆ. ಹಾಡು ಬಿಡುಗಡೆಯಾದ ವರ್ಷ ಬೇರೆ, ಅದು ಒಂದು ಮನೆಗೆ ಬಂದ ವರ್ಷ ಬೇರೆ. ಆ ಕಾಲದಲ್ಲಿ ಹಾಸನ ಪೇಟೆಗೆ ಬಂದ ಚಿತ್ರ ಹೋಬಳಿ ಟೆಂಟಿಗೆ ಬರೋಕೆ ವರ್ಷಗಳೇ ಹಿಡೀತಿತ್ತು. ರೇಡಿಯೋದಲ್ಲಂತೂ ಹಳೇ ಹಾಡು ಹತ್ತು ಹದಿನೈದು ವರ್ಷ ಆದ್ರೂ ಬರ್ತಾನೇ ಇರ್ತಿತ್ತು. ಹಾಗಾಗಿ ಮೊದಲು ಅಪ್ಪ ಅಮ್ಮನ್ನ ಬೇರೆ ಬೇರೆಯಾಗಿ ಕೂರಿಸಿ ಕೇಳಿ. ‘ನಿಮಗೆ ಯಾವ ಹಾಡು ಇಷ್ಟ’ ಅಂತ ಕೇಳಬೇಡಿ, ಇಬ್ಬರೂ ಭಕ್ತಿಗೀತೆ ಹೇಳ್ತಾರೆ. ‘ಅವತ್ತು ರೇಡಿಯೋ ಎಲ್ಲಿಟ್ಟಿದ್ರಿ, ಯಾರು ಹಾಕ್ತಿದ್ರು, ಯಾವ ಹಾಡು ಬಂದ್ರೆ ಆರಿಸ್ತಿದ್ರಿ’ ಅಂತ ಕೇಳಿ. ಆರಿಸಿದ ಹಾಡು ಯಾವುದು ಅಂತ ಕೇಳಿದ್ರೆ ಕತೆ ತಾನಾಗೇ ಈಚೆ ಬರುತ್ತೆ.

ಎರಡನೇದು ಹೊತ್ತು. ಆರು ಹಾಡು ಪೂರ್ತಿ ಹಾಡಿದ್ರೆ ಇಪ್ಪತ್ತೈದು ನಿಮಿಷ ಹಾಡಿಗೇ ಹೋಯ್ತು, ನಿಮ್ಮ ಮಾತೂ ಸೇರಿದ್ರೆ ಅನ್ನ ಆರಿಹೋಗುತ್ತೆ. ಪಲ್ಲವಿ, ಒಂದು ಚರಣ, ಮತ್ತೆ ಪಲ್ಲವಿ ಅಂದ್ರೆ ಸುಮಾರು ಎರಡೂಕಾಲು ನಿಮಿಷ. ಮಾತು ಮುಕ್ಕಾಲು ನಿಮಿಷ ಮೀರಬಾರದು. ಒಂದು ಹಾಡಿಗೆ ಮೂರು ನಿಮಿಷದ ಲೆಕ್ಕ ಇಟ್ಟುಕೊಂಡು ಆರಕ್ಕೆ ನಿಲ್ಲಿಸಿ. ಒಂದು ಮಾತು: ಹೊತ್ತು ಉಳಿಸೋಕೆ ಅಂತ ಹಾಡಿನ ಮುಂಚಿನ ಸಂಗೀತ ಮಾತ್ರ ಕತ್ತರಿಸಬೇಡಿ. ಜನ ಹಾಡನ್ನ ಗುರುತು ಹಿಡಿಯೋದೇ ಅಲ್ಲಿ. ಕೊಳಲು ಶುರುವಾದ ತಕ್ಷಣ ಹಿಂದಿನ ಸಾಲಿಂದ ‘ಓ’ ಅಂತ ಬರುತ್ತಲ್ಲ, ಅದಕ್ಕೇ ಅಲ್ವಾ ನಾವು ನುಡಿಸೋದು. ಕತ್ತರಿ ಹಾಕೋದಿದ್ರೆ ಎರಡನೇ ಚರಣಕ್ಕೆ ಹಾಕಿ.

ಬಾಬಾಬುಡನ್ ಬೆಟ್ಟ
ಚಿಕ್ಕಮಗಳೂರು ಅಂದ ಮೇಲೆ ‘ಬೆಳ್ಳಿಮೋಡ’ ಬಿಟ್ಟಿದ್ದು ಅನ್ಯಾಯ. ‘ಮೂಡಲ ಮನೆಯ ಮುತ್ತಿನ ನೀರಿನ’, ಬೇಂದ್ರೆ ಪದ್ಯ, 1967. ಪುಟ್ಟಣ್ಣ ನಮ್ಮ ಬೆಟ್ಟದ ಸೀಮೆ ತೋರಿಸಿದ ಹಾಗೆ ಮತ್ತೆ ಯಾರೂ ತೋರಿಸಲಿಲ್ಲ.

ಟೆಂಟ್ ಗಿರಾಕಿ
ನಿಶ್ಚಯ ಆಗಿದ್ದ ಮದುವೆ ಮುರಿದು ಬೀಳೋ ಸಿನಿಮಾ ಅದು. ಸುವರ್ಣ ಮಹೋತ್ಸವಕ್ಕೆ ಭಲೇ ಆಯ್ಕೆ.

ಬಾಬಾಬುಡನ್ ಬೆಟ್ಟ
ಬೆಳಗಿನ ಹಾಡು ಸಾರ್ ಅದು! ಅದರಲ್ಲಿ ಮದುವೆನೇ ಇಲ್ಲ!

ದುದ್ದದ ಮಗಳು
ಕರಿಬಿಳಿ ಅಣ್ಣ, ನೀವು ಹೇಳಿದ ಹಾಗೇ ನಿನ್ನೆ ಅಮ್ಮನ್ನ ಕೇಳಿದೆ. ಬೆಳ್ಳುಳ್ಳಿ ಸುಲೀತಾ ಕೂತಿದ್ರು. ‘ಯಾವ ಹಾಡು ಬಂದ್ರೆ ಆರಿಸ್ತಿದ್ದೆ?’ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನಾನು ಆರಿಸ್ತಿರಲಿಲ್ಲ, ನಿಮ್ಮಜ್ಜಿ ಜೋರು ಮಾಡ್ತಿದ್ರು’ ಅಂದ್ರು.

ವಿಷಯ ಏನಂದ್ರೆ, 1983ರಲ್ಲಿ ಅಪ್ಪ ಅಮ್ಮನ್ನ ಕೇಳದೆ ಯಾರಿಗೋ ಸಾಲಕ್ಕೆ ಜಾಮೀನು ನಿಂತಿದ್ರು. ಅವನು ಕೈ ಎತ್ತಿದ. ಅಮ್ಮ ನನ್ನನ್ನೂ ತಮ್ಮನ್ನೂ ಕರಕೊಂಡು ಅರಕಲಗೂಡಿಗೆ ತವರಿಗೆ ಹೋದವರು ಐದು ತಿಂಗಳು ಬರಲಿಲ್ಲ. ಅಪ್ಪ ಭಾನುವಾರ ಭಾನುವಾರ ಬಸ್ಸಲ್ಲಿ ಬಂದು, ಜಗಲಿ ಮೇಲೆ ಕೂತು ಕಾಫಿ ಕುಡಿದು, ಒಂದು ಮಾತೂ ಆಡದೆ ವಾಪಸ್ ಹೋಗ್ತಿದ್ರಂತೆ. ಅಂಥ ಒಂದು ಭಾನುವಾರ ರೇಡಿಯೋದಲ್ಲಿ ‘ಸೂರ್ಯಂಗೂ ಚಂದ್ರಂಗೂ ಬಂದಾರೆ ಮುನಿಸು’ ಬಂತಂತೆ. ಅಜ್ಜಿ ಬೇಕಂತಲೇ ರೇಡಿಯೋ ತಂದು ಜಗಲಿ ಕಿಟಕಿ ಮೇಲಿಟ್ಟು ಜೋರು ಮಾಡಿದ್ರಂತೆ. ‘ರಾಜಂಗೂ ರಾಣಿಗೂ’ ಅನ್ನೋ ಸಾಲಿಗೆ ಅಪ್ಪ ಲೋಟ ಇಟ್ಟು ಎದ್ದು ಹೋದ್ರು. ಮುಂದಿನ ವಾರ ಬಂದಾಗ ಮೊದಲನೇ ಸಲ ಬಾಯಿಬಿಟ್ಟು, ‘ತಪ್ಪಾಯ್ತು, ನಡಿ’ ಅಂದ್ರಂತೆ.

ಇದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ನಾನು ಅದೇ 1983ಕ್ಕೆ ‘ನಗುವ ನಯನ’ ಇಟ್ಟಿದ್ದೆ ನೋಡಿ!

ಟೆಂಟ್ ಗಿರಾಕಿ
ಆ ಹಾಡು ಪುಟ್ಟಣ್ಣನವರ ‘ಶುಭಮಂಗಳ’ದ್ದು, ಎಂ.ಎನ್. ವ್ಯಾಸರಾವ್ ಬರೆದದ್ದು. ಚಿತ್ರ ಬಂದದ್ದು 1975ರಲ್ಲಿ, ನಿಮ್ಮ ಅಪ್ಪ ಅಮ್ಮನ ಮದುವೆಯಾದ ವರ್ಷವೇ! ನನ್ನ ವಾದ ನಾನೇ ವಾಪಸ್ ತಗೋತೀನಿ. ಇಂಥ ಕತೆ ಇದ್ದಾಗ ಸಿನಿಮಾದ ಕತೆ ಯಾವನಿಗೆ ಬೇಕು.

ಎರಡನೇ ಸೊಸೆ
ಒಂದು ನಿಮಿಷ. ಎಲ್ಲರೂ ಖುಷಿಪಡ್ತಿದ್ದೀರ, ಆದ್ರೆ ಹೆಂಡತಿ ಗಂಡನ ಮನೆ ಬಿಟ್ಟು ಹೋಗಿದ್ದನ್ನ ಇನ್ನೂರು ಜನದ ಮುಂದೆ ಮೈಕಲ್ಲಿ ಹೇಳ್ತೀರಾ? ಜಾಮೀನಿನ ಕತೆ ಗೊತ್ತಿರೋ ನೆಂಟರು ಅಲ್ಲೇ ಕೂತಿರ್ತಾರೆ. ಆ ಸಾಲಗಾರನ ಮನೆಯವರೂ ಇರಬಹುದು. ನಮ್ಮ ಮನೇಲಿ ಮೈದುನ ಹೀಗೇ ತಮಾಷೆ ಅಂತ ಏನೋ ಹೇಳಿ, ನಮ್ಮತ್ತೆ ಎರಡು ತಿಂಗಳು ಮಾತು ಬಿಟ್ಟಿದ್ರು.

ಹೇಮಾವತಿ ದಂಡೆ
ಐವತ್ತು ವರ್ಷದಲ್ಲಿ ಜಗಳನೇ ಆಗಿಲ್ಲ ಅಂದ್ರೆ ಯಾರು ನಂಬ್ತಾರೆ?

ಎರಡನೇ ಸೊಸೆ
ನಂಬೋದು ಬಿಡೋದು ಅಲ್ಲ. ಅದು ಅವರದ್ದು, ನಮ್ಮದಲ್ಲ.

ಕರಿಬಿಳಿ ಮನೆ
ಸೊಸೆ ಅಕ್ಕ ಹೇಳಿದ್ದರಲ್ಲಿ ನ್ಯಾಯ ಇದೆ. ನಿರೂಪಣೆಯಲ್ಲಿ ಜಾಮೀನು, ತವರು, ತಿಂಗಳ ಲೆಕ್ಕ ಯಾವುದೂ ಬೇಡ. ‘ಅರಕಲಗೂಡಿನ ಜಗಲಿ, ಒಂದು ಭಾನುವಾರ, ಅಜ್ಜಿ ಕಿಟಕಿ ಮೇಲೆ ರೇಡಿಯೋ ಇಟ್ಟರು’ ಅಂತ ಮೂರು ತುಣುಕು ಹೇಳಿ ಹಾಡಿಗೆ ಬಿಡಿ. ಗೊತ್ತಿರೋರು ನಗ್ತಾರೆ. ಗೊತ್ತಿಲ್ಲದವರಿಗೆ ಒಳ್ಳೇ ಹಾಡು. ಆದ್ರೂ ಅಮ್ಮ ಬೇಡ ಅಂದ್ರೆ ಬೇಡ.

ದುದ್ದದ ಮಗಳು
ಕೇಳಿದೆ. ಅಮ್ಮ ‘ಹಾಡ್ರಿ, ನನಗೇನು’ ಅಂದ್ರು. ಅಪ್ಪ ಪೇಪರಿಂದ ತಲೆ ಎತ್ತದೆ ‘ಬ್ಯಾಡ’ ಅಂದ್ರು. ಸದ್ಯಕ್ಕೆ ಅದು ಹಾಗೇ ನಿಂತಿದೆ.

ಕಷ್ಟದ ಕಾಲದ ಹಾಡೂ ಬದಲಾಯ್ತು. ಆಲೂಗಡ್ಡೆಗೆ ಅಂಗಮಾರಿ ಬಂದ ವರ್ಷ ನನಗೇ ಚೆನ್ನಾಗಿ ನೆನಪಿದೆ. ಒಂದು ವಾರ ಬಿಸಿಲೇ ಇಲ್ಲ, ಮೋಡ ಮತ್ತೆ ಜಡಿಮಳೆ. ಎಲೆ ಅಂಚಲ್ಲಿ ಕಪ್ಪು ಕಾಣಿಸಿಕೊಂಡಿದ್ದು ನಾಲ್ಕೈದು ದಿನದಲ್ಲಿ ಇಡೀ ಹೊಲ ಬೆಂಕಿಗೆ ಸುಟ್ಟ ಹಾಗಾಗಿತ್ತು, ಗಬ್ಬು ವಾಸನೆ ಬೇರೆ. ಅಪ್ಪ ಬದುವಿನ ಮೇಲೆ ಕೈಕಟ್ಟಿ ಕೂತುಬಿಟ್ರು. ಅಮ್ಮ ಬುತ್ತಿ ತಗೊಂಡು ಹೋದವರು, ಅದನ್ನ ನೋಡಿ, ರೇಗಿಸೋಕೆ ಅಂತ ‘ಆಗದು ಎಂದು, ಕೈಲಾಗದು ಎಂದು, ಕೈಕಟ್ಟಿ ಕುಳಿತರೆ’ ಅಂತ ಹಾಡಿದ್ರಂತೆ. ಅಪ್ಪನಿಗೆ ಸಿಟ್ಟು ಬಂದು ಬುತ್ತಿ ಮುಟ್ಟಲಿಲ್ಲ, ಆದ್ರೆ ಎದ್ರು. ಸಾಯಂಕಾಲ ಅಮ್ಮನ ಎರಡೆಳೆ ಸರ ಗಿರವಿಗೆ ಹೋಯ್ತು, ರಾಗಿ ಬೀಜ ಬಂತು.

ಟೆಂಟ್ ಗಿರಾಕಿ
ಅಬ್ಬಬ್ಬಾ. ಅದೂ ‘ಬಂಗಾರದ ಮನುಷ್ಯ’, 1972. ಕಲ್ಲು ನೆಲ ಒಡೆದು ಬೇಸಾಯ ಮಾಡೋವಾಗಿನ ಹಾಡು, ವಿಶ್ವೇಶ್ವರಯ್ಯ, ಕನ್ನಂಬಾಡಿ ಎಲ್ಲ ಬರುತ್ತೆ. ಬೆಳೆ ಹೋದ ರೈತನಿಗೆ ಅದನ್ನ ಹಾಡಿದ ಹೆಂಡತಿಗೆ ದೊಡ್ಡ ನಮಸ್ಕಾರ. ಆ ಚಿತ್ರದಲ್ಲಿ ಯಾರು ಸತ್ರೂ ಪರವಾಗಿಲ್ಲ, ಇದನ್ನ ಇಟ್ಟುಕೊಳ್ಳಿ. ‘ಬಾಳುವಂಥ ಹೂವೇ’ ತೆಗೀರಿ, ಅದು ಬದುಕೇ ಬೇಡ ಅಂದವರಿಗೆ ಹೇಳೋ ಸಮಾಧಾನ.

ರಾಮನಾಥಪುರ ರಂಗ
ಹಾಗಾದ್ರೆ 1972, 1974, 1975ರಲ್ಲೇ ಪಟ್ಟಿ ಮುಗಿದುಹೋಯ್ತಲ್ಲ! ಆಮೇಲಿನ ಐವತ್ತು ವರ್ಷ ಇವರು ಹಾಡೇ ಕೇಳಲಿಲ್ವಾ?

ದುದ್ದದ ಮಗಳು
ಒಳ್ಳೇ ಪ್ರಶ್ನೆ ರಂಗಣ್ಣ. ತಮಾಷೆ ಏನಂದ್ರೆ, ಆಮೇಲಿನ ಹಾಡೆಲ್ಲ ನಮ್ಮಿಂದಲೇ ಅವರಿಗೆ ಬಂದಿರೋದು. ತಮ್ಮ 1987ರಲ್ಲಿ ‘ಪ್ರೇಮಲೋಕ’ದ ಕ್ಯಾಸೆಟ್ ತಂದು ಟೇಪು ಸಿಕ್ಕಿಹಾಕಿಕೊಳ್ಳೋವರೆಗೂ ಹಾಕಿದ್ದ. ಅಪ್ಪ ಪೆನ್ಸಿಲಲ್ಲಿ ಸುತ್ತಿ ರಿಪೇರಿ ಮಾಡಿ ಕೊಡ್ತಿದ್ರು, ಬಯ್ಕೊಂಡೇ. ಆಮೇಲೆ ನಾನೇ ನೋಡಿಕೊಂಡ ಹುಡುಗನ್ನ ಮದುವೆ ಆಗ್ತೀನಿ ಅಂದಾಗ ಅಪ್ಪ ಮೂರು ವಾರ ಮಾತಾಡಲಿಲ್ಲ. ಆಗ ನನ್ನ ಮೊಬೈಲ್ ರಿಂಗ್‌ಟೋನ್ ‘ನಿನ್ನಿಂದಲೇ’. ಫೋನ್ ಬಂದಾಗೆಲ್ಲ ಅಮ್ಮ ಅಪ್ಪನ ಮುಖ ನೋಡಿ ನಗೋರು.

ಕರಿಬಿಳಿ ಮನೆ
ಸಾಕಲ್ಲ! ‘ಪ್ರೇಮಲೋಕ’ ಮೊಮ್ಮಕ್ಕಳಿಗೆ ಕುಣಿಯೋಕೆ ಬಿಡಿ, ಒಂದೇ ನಿಮಿಷ. ‘ನಿನ್ನಿಂದಲೇ’ ನಿಮ್ಮ ಯಜಮಾನ್ರು ಹಾಡಲಿ. ಅದು ಸೋನು ನಿಗಮ್ ಹಾಡು, ಚರಣದಲ್ಲಿ ಮೇಲಕ್ಕೆ ಹೋಗುತ್ತೆ, ಅಭ್ಯಾಸ ಮಾಡಿಸಿ.

ಅದಿರಲಿ, ‘ಎಂದೆಂದೂ’ ಯಾರು ಹಾಡ್ತಾರೆ? ಅಪ್ಪ ಅಮ್ಮನೇ ಹಾಡಿದ್ರೆ ಹೇಗೆ?

ದುದ್ದದ ಮಗಳು
ಅದೇ ಆಸೆ ಅಣ್ಣ. ಅಪ್ಪನಿಗೆ 76, ಅಮ್ಮನಿಗೆ 71. ಮೊಬೈಲಲ್ಲಿ ಕರೋಕೆ ಹಾಕಿ ಒಂದು ಸಲ ಹಾಡಿಸಿದ್ವಿ. ಅಮ್ಮನಿಗೆ ಮೇಲೆ ಹೋಗೋಕೆ ಆಗದೆ ದನಿ ಒಡೆದು, ‘ನನಗೆ ಬರಲ್ಲ’ ಅಂತ ಎದ್ದು ಹೋದ್ರು.

ರಾಮನಾಥಪುರ ರಂಗ
ಆ್ಯಪಲ್ಲಿ ಶ್ರುತಿ ಇಳಿಸೋ ಬಟನ್ ಇರುತ್ತೆ. ಕೀಬೋರ್ಡ್ ಲೆಕ್ಕದಲ್ಲಿ ಆರು ಮನೆ ಇಳಿಸಿಬಿಡಿ, ಆರಾಮಾಗಿ ಹಾಡ್ತಾರೆ.

ಕರಿಬಿಳಿ ಮನೆ
ಆರು ಮನೆ ಇಳಿಸಿದ್ರೆ ಪಿಟೀಲು ಎಮ್ಮೆ ಕೂಗಿದ ಹಾಗೆ ಕೇಳುತ್ತೆ ರಂಗಣ್ಣ. ರೆಕಾರ್ಡಾದ ಟ್ರ್ಯಾಕನ್ನ ಎರಡು, ಹೆಚ್ಚಂದ್ರೆ ಮೂರು ಮನೆ ಇಳಿಸಬಹುದು. ಅದಕ್ಕಿಂತ ಕೆಳಗೆ ಬೇಕಂದ್ರೆ ಎದುರಿಗೆ ಕೂತು ನುಡಿಸೋ ಕೀಬೋರ್ಡೇ ಆಗಬೇಕು.

ಆದ್ರೆ ಯುಗಳ ಗೀತೆಯ ಕಷ್ಟ ಅಷ್ಟೇ ಅಲ್ಲ. ವಯಸ್ಸಾದ ಹಾಗೆ ಹೆಂಗಸರ ದನಿ ಕೆಳಗಿಳಿಯುತ್ತೆ, ಹಾಗಾಗಿ ಅಮ್ಮನಿಗೋಸ್ಕರ ಶ್ರುತಿ ಇಳಿಸಲೇಬೇಕು. ಇಳಿಸಿದ ಕೂಡಲೇ ಅಪ್ಪನ ಸಾಲು ಪಾತಾಳಕ್ಕೆ ಹೋಗುತ್ತೆ. ಪಿಬಿಎಸ್ ಮೊದಲೇ ಕೆಳಸ್ಥಾಯಿಯಲ್ಲಿ ಹಾಡೋರು. ಅಲ್ಲಿಂದ ಇನ್ನೂ ಮೂರು ಮನೆ ಕೆಳಗೆ ಅಂದ್ರೆ ಅಪ್ಪನ ಬಾಯಿ ಆಡುತ್ತೆ, ಸದ್ದು ಬರಲ್ಲ. ಒಬ್ಬರಿಗೆ ಸರಿಮಾಡಿದ್ರೆ ಇನ್ನೊಬ್ಬರಿಗೆ ಕೆಡುತ್ತೆ.

ನಾನು ಮಾಡೋದು ಹೀಗೆ. ಇಬ್ಬರಿಗೂ ಮ್ಯೂಸಿಕ್ ಇಲ್ಲದೆ, ಅವರಷ್ಟಕ್ಕೆ ಅವರು ಗುನುಗೋದನ್ನ ರೆಕಾರ್ಡ್ ಮಾಡಿಸಿಕೊಳ್ತೀನಿ. ಗಂಡಸರ ಸಾಲಿನ ಅತಿ ಕೆಳಗಿನ ಸ್ವರ ಒಂದು, ಹೆಂಗಸರ ಸಾಲಿನ ಅತಿ ಮೇಲಿನ ಸ್ವರ ಒಂದು, ಈ ಎರಡೇ ನೋಡೋದು. ಎರಡೂ ದಕ್ಕೋ ಮನೆ ಸಿಕ್ಕಿದ್ರೆ ಅಲ್ಲೇ ಶ್ರುತಿ. ಸಿಗದಿದ್ರೆ ಎರಡು ಮನೆ ಮಾತ್ರ ಇಳಿಸಿ, ಅಮ್ಮನಿಗೆ ಪಲ್ಲವಿಯ ಉತ್ತರದ ಸಾಲು ಅಷ್ಟೇ ಕೊಟ್ಟು, ಚರಣದ ಎತ್ತರದ ಸಾಲನ್ನ ಸೊಸೆಗೆ ಹಿಂದಿಂದ ಹಾಡೋಕೆ ಹೇಳ್ತೀನಿ. ಅಮ್ಮನ ಕೈಲಿ ಮೈಕಿರುತ್ತೆ, ಹಾಡಬೇಕು ಅನ್ನಿಸಿದ್ರೆ ಸೇರಿಕೊಳ್ತಾರೆ.

ಎರಡನೇ ಸೊಸೆ
ಹಿಂದಿಂದ ಹಾಡೋ ಸೊಸೆ! ಐವತ್ತು ವರ್ಷದ ಹಬ್ಬದಲ್ಲೂ ನಮ್ಮ ಜಾಗ ಅಲ್ಲೇ.

ಹೇಮಾವತಿ ದಂಡೆ
😂😂

ಬೇಲೂರು ಭಟ್ರು
ಕೊನೆಯ ಹಾಡು ಯಾವುದಾಯಿತು? ‘ದೀಪವು ನಿನ್ನದೆ’ ಇದೆಯಲ್ಲವೇ?

ಟೆಂಟ್ ಗಿರಾಕಿ
ಅದು ಕೆ.ಎಸ್. ನರಸಿಂಹಸ್ವಾಮಿಯವರ ಕವನ. ಸಿನಿಮಾ ಹಾಡಿನ ಲೆಕ್ಕಕ್ಕೆ ಬರುತ್ತಾ?

ಬಾಬಾಬುಡನ್ ಬೆಟ್ಟ
ನಾಗಾಭರಣರ ‘ಮೈಸೂರ ಮಲ್ಲಿಗೆ’ ಚಿತ್ರದಲ್ಲಿ ಬಂದ ಮೇಲೆ ಸಿನಿಮಾ ಹಾಡೇ. ಬೇಂದ್ರೆ ಪದ್ಯ ‘ಬೆಳ್ಳಿಮೋಡ’ಕ್ಕೆ ಬಂದ ಹಾಗೆ. ಈಗ ಹೇಳಿ, ‘ಮೂಡಲ ಮನೆ’ ಇಡ್ತೀರೋ ಇಲ್ವೋ?

ಟೆಂಟ್ ಗಿರಾಕಿ
ಬೆಳಿಗ್ಗೆ ತಿಂಡಿ ಹೊತ್ತಿಗೆ ಸ್ಪೀಕರಲ್ಲಿ ಹಾಕ್ಕೊಳ್ಳಿ, ಯಾರು ಬೇಡ ಅಂದ್ರು.

ದುದ್ದದ ಮಗಳು
ಸದ್ಯಕ್ಕೆ ಪಟ್ಟಿ: ಎಂದೆಂದೂ, ಸೂರ್ಯಂಗೂ ಚಂದ್ರಂಗೂ (ಅಪ್ಪ ಒಪ್ಪಿದ್ರೆ), ಪ್ರೇಮಲೋಕದ ಒಂದು ನಿಮಿಷ, ಆಗದು ಎಂದು, ನಿನ್ನಿಂದಲೇ. ‘ದೀಪವು’ ಬಗ್ಗೆ ತಮ್ಮನಿಗೂ ನನಗೂ ಇನ್ನೂ ಜಗಳ. ಕೊನೇಲಿ ಅಷ್ಟು ಗಂಭೀರ ಬೇಡ ಅಂತಾನೆ.

ಕರಿಬಿಳಿ ಅಣ್ಣ, ಅಮ್ಮ ಗುನುಗಿದ್ದು ಕಳಿಸಿದ್ದೀನಿ, ನೋಡಿ.

ಕರಿಬಿಳಿ ಮನೆ
ಕೇಳಿದೆ. ಅಮ್ಮನ ದನಿ ಚೆನ್ನಾಗಿದೆ, ಹೆದರಬೇಡಿ ಅನ್ನಿ. ಎರಡು ಮನೆ ಇಳಿಸಿದ್ರೆ ಪಲ್ಲವಿ ಸಲೀಸು. ಅಪ್ಪನದ್ದು?

ದುದ್ದದ ಮಗಳು
ಕೇಳಿದ್ರೆ ಹಾಡಲ್ಲ ಅಣ್ಣ. ಸ್ನಾನ ಮಾಡೋವಾಗ ಮಾತ್ರ ಗುನುಗೋದು. ಇವತ್ತು ಬೆಳಿಗ್ಗೆ ಬಚ್ಚಲುಮನೆ ಬಾಗಿಲ ಹತ್ತಿರ ಮೊಬೈಲ್ ಹಿಡಿದು ನಿಂತಿದ್ದೆ. ನೀರಿನ ಸದ್ದು ಜಾಸ್ತಿ ಇದೆ, ಆದ್ರೂ ಕೆಳಗಿನ ಸ್ವರ ಸಿಗಬಹುದೇನೋ. ಹಾಡ್ತಿದ್ದದ್ದು ‘ಎಂದೆಂದೂ’ ಅಲ್ಲ, ‘ಸೂರ್ಯಂಗೂ ಚಂದ್ರಂಗೂ’.

ಟೆಂಟ್ ಗಿರಾಕಿ
ಆ ರೆಕಾರ್ಡಿಂಗ್ ನಿಮ್ಮ ಅಮ್ಮನಿಗೆ ಕೇಳಿಸಿದ್ರಾ?

ದುದ್ದದ ಮಗಳು
ಅವರೇ ನನ್ನ ಹಿಂದೆ ನಿಂತಿದ್ರು.